ಬಾಯಿಯ ಮೇಲೆ ಬೆರಳು

ಬಸ್ಸಿನಲ್ಲಿ ಎಂಬತ್ತು ಜನ ಇದ್ದಾರೆ ಎಂದು ನನ್ನ ಐದನೇ ತರಗತಿ ಒಕ್ಕೊರಲಿನಿಂದ ಹೇಳಿದ ದಿನ ನಾನು ನಗಬಾರದಿತ್ತು. ನಕ್ಕುಬಿಟ್ಟೆ. ಬೋರ್ಡಿನ ಮೇಲೆ ನಾನೇ ಬರೆದ ಲೆಕ್ಕ ಅದು: ‘ಬೆಳಿಗ್ಗೆ 7 ಗಂಟೆಗೆ ಆಳಂದದಿಂದ ಹೊರಟ ಬಸ್ಸಿನಲ್ಲಿ 38 ಪ್ರಯಾಣಿಕರಿದ್ದರು. 12 ಕಿಲೋಮೀಟರ್ ದೂರದ ನಿಲ್ದಾಣದಲ್ಲಿ 9 ಜನ ಇಳಿದರು, 14 ಜನ ಹತ್ತಿದರು. ಈಗ ಬಸ್ಸಿನಲ್ಲಿ ಎಷ್ಟು ಪ್ರಯಾಣಿಕರಿದ್ದಾರೆ?’ ಹನ್ನೊಂದು ಮಕ್ಕಳಲ್ಲಿ ಹತ್ತು ಮಕ್ಕಳು ಐದೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸಿದ್ದರು.

“ಲೇ, ಬೆಳಗಿನ ಏಳು ಗಂಟಿನೂ ಟಿಕೀಟು ತಗೊಂಡು ಬಸ್ ಹತ್ತೈತೇನು?” ಎಂದೆ.

ತರಗತಿಯೆಲ್ಲ ನಕ್ಕಿತು. ನಗದವಳು ತಬಸ್ಸುಮ ಒಬ್ಬಳೇ. ತನ್ನ ಪಾಟಿಯ ಮೇಲಿನ ಎಂಬತ್ತನ್ನು ಅಂಗೈಯಿಂದ ಮುಚ್ಚಿಕೊಂಡು ಎದ್ದು ನಿಂತಳು.

“ಕೊಟ್ಟಿದ್ದು ಬಿಡಬಾರದಲ್ರಿ ಟೀಚರ್.”

“ಯಾರಂದ್ರು ಹಂಗ?”

“ಅಮ್ಮೀ ಅಂತಾಳ್ರಿ. ತಾಟಿನಾಗ ಬಡಿಸಿದ್ದೆಲ್ಲಾ ಉಣ್ಣಬೇಕು, ಬಿಟ್ರ ಪಾಪ ಬರ್ತೈತಿ ಅಂತ.”

ನನಗೆ ಆಮೇಲೆ ನಗು ಬರಲಿಲ್ಲ. ಅನ್ನವನ್ನು ಬಿಡದ ಮನೆಯ ಹುಡುಗಿ ಅಂಕಿಯನ್ನೂ ಬಿಟ್ಟಿರಲಿಲ್ಲ, ಅಷ್ಟೇ.

ಎಂಬತ್ತು ಎನ್ನದೆ ನಲವತ್ಮೂರು ಎಂದು ಬರೆದಿದ್ದವಳು ಸೃಷ್ಟಿ. ಅವಳು ಮಾತೇ ಆಡದ ಹುಡುಗಿ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಪಾಟಿಯನ್ನು ನೋಡುತ್ತ ಕೂತುಬಿಡುವಳು. ಹೇಗೆ ಮಾಡಿದೆ ಎಂದು ಕೇಳಿದರೆ “ಬಂತ್ರಿ” ಎನ್ನುವಳು. ಆ ತರಗತಿಯಲ್ಲಿ ಹುಡುಗಿಯರು ಅವರಿಬ್ಬರೇ, ಸೃಷ್ಟಿ ಮತ್ತು ತಬಸ್ಸುಮ.

ನಮ್ಮದು ಭೂಸನೂರಿನ ಕಾರ್ಖಾನೆಗೆ ಕಬ್ಬು ಹೋಗುವ ದಾರಿಯ ಮೇಲಿನ ಊರು. ಶಾಲೆ ಐದನೇ ತರಗತಿಯವರೆಗೆ ಮಾತ್ರ. ಇಬ್ಬರೇ ನಾವು: ಹೆಡ್ ಮಾಸ್ತರ ಹಣಮಂತರಾಯರು, ಮತ್ತೆ ಅತಿಥಿ ಶಿಕ್ಷಕಿಯಾದ ನಾನು, ಬಸವೇಶ್ವರಿ. ಆರನೇ ತರಗತಿಗೆ ಏಳು ಕಿಲೋಮೀಟರ್ ಆಚೆಯ ಊರಿಗೆ ಹೋಗಬೇಕು. ಹುಡುಗರು ಸೈಕಲ್ಲಿನ ಮೇಲೋ ಕಬ್ಬಿನ ಟ್ರ್ಯಾಕ್ಟರಿಗೆ ಜೋತುಬಿದ್ದೋ ಹೋಗುತ್ತಾರೆ. ತಬಸ್ಸುಮಳ ಅಕ್ಕ ಜಸ್ಮೀನ ಮೂರು ತಿಂಗಳು ಒಬ್ಬಳೇ ನಡೆದುಹೋಗಿ, ನಾಲ್ಕನೆಯ ತಿಂಗಳು ಮನೆಯಲ್ಲಿ ಕೂತಳು. ಈಗ ಅವಳು ಹೊಲಿಗೆ ಮಷೀನಿನ ಮುಂದೆ ಕೂತು ನಾಲ್ಕು ವರ್ಷವಾಯಿತು.

“ನನಗ ಗಂಡು ಹುಡುಗರು ಬ್ಯಾರೆ, ಹೆಣ್ಣು ಹುಡುಗ್ಯಾರು ಬ್ಯಾರೆ ಅಂತ ಇಲ್ರಿ ಟೀಚರ್,” ಎಂದಿದ್ದ ತಂದೆ ಮೌಲಾಲಿ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಮನುಷ್ಯ. “ಆದ್ರ ಆ ದಾರಿ ನನಗ ಗೊತ್ತದ. ಅದರ ಮ್ಯಾಲ ನಮ್ಮಂಥವರೇ ಗಾಡಿ ಹೊಡಿತೇವಿ. ವಸತಿ ಶಾಲ್ಯಾಗ ಸೀಟು ಸಿಕ್ರ ಕಣ್ಮುಚ್ಚಿ ಕಳಸ್ತೇನಿ. ಇಲ್ಲಂದ್ರ ಜಸ್ಮೀನನ ಜೋಡಿ ಕೂಡ್ತಾಳ.”

ವಸತಿ ಶಾಲೆ ಇದ್ದದ್ದು ಅಫಜಲಪುರದ ಕಡೆ. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲಿಯೇ. ಆದರೆ ಅಲ್ಲಿಗೆ ಹೋಗಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯ ಗಣಿತದಲ್ಲಿ ಅರ್ಧಕ್ಕರ್ಧ ಇಂಥ ಕಥೆಯ ಲೆಕ್ಕಗಳೇ. ಹಳೆಯ ಪ್ರಶ್ನೆಪತ್ರಿಕೆಯನ್ನು ಕೊಟ್ಟು ನೋಡಿದೆ. ತಬಸ್ಸುಮ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲವನ್ನೂ ಚಂದವಾಗಿ ಮಾಡುವಳು. ಕಥೆ ಬಂತೋ, ಮುಗಿಯಿತು. ಇದ್ದಬದ್ದ ಅಂಕಿಗಳನ್ನೆಲ್ಲ ಒಂದೇ ತಾಟಿಗೆ ಬಡಿಸಿಕೊಳ್ಳುವಳು.

ಗಣಿತ ನನಗೂ ಯಾರೂ ಕೂಡಿಸಿಕೊಂಡು ಕಲಿಸಿದ್ದಲ್ಲ. ಒಮ್ಮೆ ನಪಾಸಾಗಿ, ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವ್ವನಿಗೆ ಲೆಕ್ಕಗಳನ್ನು ಕಥೆಯ ಹಾಗೆ ಹೇಳಿ ಹೇಳಿ ಪಾಸಾದವಳು. ಅವ್ವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಅವಳಿಗೆ ಅರ್ಥವಾಗುವ ಹಾಗೆ ಹೇಳುವಷ್ಟರಲ್ಲಿ ನನಗೆ ಅರ್ಥವಾಗಿರುತ್ತಿತ್ತು. ಅದನ್ನೇ ಮಕ್ಕಳಿಗೆ ಹೇಳಿಕೊಟ್ಟೆ.

“ಮೊದಲು ಅಂಕಿ ಬಿಟ್ಟು ಕಥಿ ಹೇಳ್ರಿ. ಏನಾತು, ಯಾರು ಬಂದ್ರು, ಯಾರು ಹೋದ್ರು. ಆಮ್ಯಾಲ ಕೇಳಿದ್ದೇನು ಅದನ್ನ ಹೇಳ್ರಿ. ಆಮ್ಯಾಲ ಒಂದೊಂದೇ ಅಂಕಿ ಕರೀರಿ. ಕರದು, ನೀ ಯಾಕ ಬಂದಿಯಪ್ಪ, ಕೇಳಿದ್ದಕ್ಕ ನಿನ್ನ ಕೆಲಸ ಏನು ಅಂತ ವಿಚಾರಸ್ರಿ. ಕೆಲಸ ಇಲ್ಲಂದ್ರ ಅಲ್ಲೇ ಕುಂದರಸ್ರಿ.”

“ಬಿಟ್ರ ಪಾಪ ಬರಂಗಿಲ್ಲೇನ್ರಿ?” ತಬಸ್ಸುಮ ಕೇಳಿದಳು.

“ಅಂಕಿ ಹಳಸಂಗಿಲ್ಲಬೇ. ಬಿಡು.”

ಅವಳು ಬಸ್ಸಿನ ಲೆಕ್ಕವನ್ನೇ ಮತ್ತೆ ಹೇಳಿದಳು. “ಒಂದು ಬಸ್ ಹೊಂಟದ. ಮಂದಿ ಕುಂತಾರ. ಒಂದು ಕಡಿ ನಿಂತದ. ಸ್ವಲ್ಪ ಮಂದಿ ಇಳದ್ರು, ಸ್ವಲ್ಪ ಮಂದಿ ಹತ್ಯಾರ. ಈಗ ಒಳಗ ಎಷ್ಟು ಮಂದಿ ಅದಾರ ಅಂತ ಕೇಳ್ಯಾರ.” ಆಮೇಲೆ ಏಳನ್ನು ಕರೆದಳು. “ನೀ ಗಡಿಯಾರದಾಂವ. ಕುಂದ್ರು.” ಹನ್ನೆರಡನ್ನು ಕರೆದಳು. “ನೀ ರಸ್ತೆದಾಂವ. ನೀನೂ ಕುಂದ್ರು.” ಉಳಿದ ಮೂರನ್ನು ಇಟ್ಟುಕೊಂಡು ಮೂವತ್ತೆಂಟರಲ್ಲಿ ಒಂಬತ್ತು ಕಳೆದು, ಹದಿನಾಲ್ಕು ಕೂಡಿಸಿ, ಪಾಟಿಯನ್ನು ಎತ್ತಿ ತೋರಿಸಿದಳು. ನಲವತ್ಮೂರು. ಆ ದಿನದ ಅವಳ ಮುಖ ನನ್ನ ಕಣ್ಣ ಮುಂದೆ ಈಗಲೂ ಇದೆ.

ಮನೆಗೆ ಕೊಡುವ ಲೆಕ್ಕವೂ ಹೀಗೆಯೇ: ಓದು ಬಾರದ ಯಾರಿಗಾದರೂ ಹೇಳಿ ಬರಬೇಕು. ತಬಸ್ಸುಮ ಅವಳಮ್ಮ ಹಮೀದಾಬೇಗಂಗೆ ಹೇಳುವಳು. ತೊಗರಿ ಕೇರುತ್ತ ಕೂತ ಹಮೀದಾಬೇಗಂ ಕಥೆಯನ್ನೆಲ್ಲ ಕೇಳಿ, ಮೊರ ನಿಲ್ಲಿಸಿ, ತಮ್ಮ ಮನೆಮಾತಿನಲ್ಲಿ ಒಂದೇ ಮಾತು ಕೇಳುವಳಂತೆ: “ಕ್ಯಾ ಪೂಛ್ರೈ ಉನೇ?” ಏನು ಕೇಳ್ತಿದ್ದಾನೆ ಅವನು? ಆ ‘ಅವನು’ ಯಾರೋ ನನಗೂ ಗೊತ್ತಿಲ್ಲ. ಪುಸ್ತಕ ಬರೆದವನೇ ಇರಬೇಕು. ಅಮ್ಮ ಹಾಗೆ ಕೇಳಿದ ಕೂಡಲೇ ಹುಡುಗಿಗೆ ಪ್ರಶ್ನೆ ಸಿಗುತ್ತಿತ್ತು.

ಒಮ್ಮೆ ಪೇರಲ ಹಣ್ಣಿನ ಲೆಕ್ಕ ಕೊಟ್ಟಿದ್ದೆ. ‘ಸುಂದರಬಾಯಿಯ ಬಳಿ 15 ಪೇರಲ ಇವೆ. ಇವು ರೆಹಾನನ ಬಳಿ ಇರುವುದಕ್ಕಿಂತ 6 ಹೆಚ್ಚು. ರೆಹಾನನ ಬಳಿ ಎಷ್ಟಿವೆ?’ ಹುಡುಗರೆಲ್ಲ ‘ಹೆಚ್ಚು’ ಎಂಬ ಶಬ್ದ ಕಂಡದ್ದೇ ಕೂಡಿಸಿ ಇಪ್ಪತ್ತೊಂದು ಎಂದರು. ತಬಸ್ಸುಮ ಎದ್ದು, “ಸುಂದರಬಾಯಿ ಚೀಲ ದೊಡ್ಡದು, ರೆಹಾನನ ಚೀಲ ಸಣ್ಣದು. ಸಣ್ಣ ಚೀಲದಾಗ ಇಪ್ಪತ್ತೊಂದು ಹ್ಯಾಂಗ ಹಿಡಿತಾವ್ರಿ? ಒಂಬತ್ತು,” ಎಂದಳು. ನಾನು ಅವಳನ್ನು ಬಾಚಿ ತಬ್ಬಿಕೊಂಡೆ.

ನನ್ನ ತರಗತಿ ಗುಜುಗುಜು ಎನ್ನತೊಡಗಿತು. ಹನ್ನೊಂದು ಮಕ್ಕಳು ಹನ್ನೊಂದು ಕಥೆ ಹೇಳಿಕೊಳ್ಳುತ್ತ ಕೂತರೆ ಗದ್ದಲವಾಗದೆ ಇದ್ದೀತೇ? ಹಣಮಂತರಾಯರು ಬಾಗಿಲಲ್ಲಿ ನಿಂತು ಕೈ ಕಟ್ಟಿಕೊಂಡರು.

“ಏನ್ರಿ ಬಸವೇಶ್ವರಿ, ನಿಮ್ಮ ಕ್ಲಾಸು ಸಂತಿ ಆಗೇದಲ್ಲ?”

“ಸಂತ್ಯಾಗೇ ಲೆಕ್ಕ ಚಲೋ ಬರ್ತಾವ್ರಿ ಸರ್.”

“ಅದು ಖರೇ. ಆದ್ರ ಪರೀಕ್ಷಿ ಒಳಗ ಹಿಂಗ ಮಾತಾಡ್ಲಿಕ್ಕ ಬಿಡ್ತಾರೇನ್ರಿ?”

“ಅಷ್ಟೊತ್ತಿಗೆ ರೂಢಿ ಆಗಿರ್ತದ ಬಿಡ್ರಿ,” ಎಂದು ನಕ್ಕೆ. ನಾನು ನಕ್ಕ ಎರಡನೆಯ ತಪ್ಪು ನಗು ಅದು. ಏನು ರೂಢಿಯಾಗಿರುತ್ತದೆ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮಾತಾಡುವುದೇ ರೂಢಿಯಾಗಿತ್ತು.

ಪರೀಕ್ಷೆಯ ಕೇಂದ್ರ ಆಳಂದದಲ್ಲಿ. ಸೃಷ್ಟಿಯ ಅಪ್ಪ ಅನೀಲಕುಮಾರ ತಮ್ಮ ಬೈಕಿನಲ್ಲಿ ಮಗಳನ್ನು ಕರೆತಂದು ಬಿಟ್ಟು ಅಡತಿ ಅಂಗಡಿಗೆ ಹೋದರು. ನಾನು, ಹಮೀದಾಬೇಗಂ ಮತ್ತು ತಬಸ್ಸುಮ ಬಸ್ಸಿನಲ್ಲಿ ಬಂದೆವು. ದಾರಿಯುದ್ದಕ್ಕೂ ಹುಡುಗಿ ಹತ್ತಿದವರು ಇಳಿದವರನ್ನು ಎಣಿಸುತ್ತಲೇ ಇದ್ದಳು.

“ಟೀಚರ್, ಖಜೂರಿ ಕ್ರಾಸಿನಾಗ ಐದು ಮಂದಿ ಇಳದ್ರು. ಕಂಡಕ್ಟರ್‌ನ ಎಣಸಬೇಕೇನ್ರಿ?”

“ಪ್ರಯಾಣಿಕರು ಎಷ್ಟು ಅಂತ ಕೇಳಿದ್ರ ಬ್ಯಾಡ. ಒಟ್ಟು ಮಂದಿ ಎಷ್ಟು ಅಂತ ಕೇಳಿದ್ರ ಎಣಸಬೇಕು.”

“ಹಂಗಾದ್ರ ಕೇಳಿದ್ದೇನು ಅನ್ನೋದ ದೊಡ್ಡದು.”

“ಅದೇ ದೊಡ್ಡದು,” ಎಂದೆ.

ಹನ್ನೊಂದು ಗಂಟೆಗೆ ಗಂಟೆ ಹೊಡೆಯಿತು. ಪಾಲಕರನ್ನೆಲ್ಲ ಗೇಟಿನ ಹೊರಗೆ ಹಾಕಿದರು. ನಾವಿಬ್ಬರೂ ರಸ್ತೆಯಾಚೆಯ ಬೇವಿನ ಮರದ ಕೆಳಗೆ ಕೂತೆವು. ಅಲ್ಲಿಂದ ಕಂಪೌಂಡಿನ ಮೇಲೆ ನಾಲ್ಕನೆಯ ಕೋಣೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯಿಂದ ಎರಡನೆಯ ಸಾಲಿನಲ್ಲಿ ತಬಸ್ಸುಮಳ ಹಸಿರು ರಿಬ್ಬನ್ನು.

“ಅಗೋ, ನಮ್ಮಾಕಿ!” ಎಂದಳು ಹಮೀದಾಬೇಗಂ, ಜಾತ್ರೆಯಲ್ಲಿ ಮಗಳನ್ನು ಕಂಡವಳ ಹಾಗೆ.

ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿತ್ತು. ಅದು ಭಾಷೆಯ ಭಾಗ. ತಲೆ ಬಗ್ಗಿಸಿ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದರ ಗುಂಡನ್ನು ತುಂಬುತ್ತಿದ್ದಳು. ಆಮೇಲೆ ತಲೆ ಎತ್ತಿದಳು. ತುಟಿ ಅಲುಗಾಡತೊಡಗಿದವು. ಗಣಿತ ಶುರುವಾಯಿತು ಎಂದು ನನಗೆ ಅಲ್ಲಿಂದಲೇ ಗೊತ್ತಾಯಿತು. ಕೈ ಕೂಡ ಆಡಿಸುತ್ತಿದ್ದಳು. ಯಾರನ್ನೋ ಕರೆದು, ಯಾರನ್ನೋ ಕೂಡಿಸುತ್ತಿದ್ದಳು.

ನನಗೆ ಖುಷಿಯಾಯಿತು. ನಾಚಿಕೆಯಾಗುತ್ತದೆ ಹೇಳಲಿಕ್ಕೆ, ಮೊದಲು ಖುಷಿಯೇ ಆಯಿತು.

ಮೇಲ್ವಿಚಾರಕರು ಅವಳ ಬಳಿ ಬಂದು ಡೆಸ್ಕಿನ ಮೇಲೆ ಬೆರಳಿನಿಂದ ಕುಟ್ಟಿದರು. ಅವಳು ತಲೆ ಬಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತುಟಿ ಅಲುಗಿದವು. ಪಕ್ಕದ ಸಾಲಿನ ಹುಡುಗ ತಿರುಗಿ ನೋಡಿದ. ಮೇಲ್ವಿಚಾರಕರು ಮತ್ತೆ ಬಂದರು. ಈ ಸಲ ಅವಳನ್ನು ಎಬ್ಬಿಸಿ ಮುಂದಿನ ಬೆಂಚಿಗೆ ತಂದು ಕೂಡಿಸಿದರು. ತಮ್ಮ ತೋರುಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದರು. ತಬಸ್ಸುಮ ಎಡಗೈಯ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು.

ಆ ಮೇಲ್ವಿಚಾರಕರನ್ನು ನಾನು ಬಯ್ಯಲಾರೆ. ಒಂದು ಮಗು ಪಿಸುಗುಟ್ಟಿದರೆ ಮೂವತ್ತು ಮಕ್ಕಳ ಲೆಕ್ಕ ಕೆಡುತ್ತದೆ. ಆ ಖುರ್ಚಿಯಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

“ಯಾಕ್ರಿ ಟೀಚರ್, ಬಾಯಿ ಯಾಕ ಮುಚ್ಯಾಳ?”

“ಮಾತಾಡಬಾರದು ಅಂತ.”

“ಮಾತಾಡಲಿಲ್ಲಂದ್ರ ಆಕಿಗಿ ಲೆಕ್ಕ ಹ್ಯಾಂಗ ಬರ್ತದ?”

ನಾನು ಎದ್ದು ಗೇಟಿನ ತನಕ ಹೋದೆ. ಅಲ್ಲಿ ಕೂತಿದ್ದ ಜವಾನ ಅಬ್ದುಲ್ ಗನಿ ಎಂಬ ಮುದುಕರು.

“ಚಾಚಾ, ಆ ಕೋಣಿಯ ಸರ್‌ಗೆ ಒಂದು ಮಾತು ಹೇಳಬೇಕಾಗಿತ್ತು.”

“ಏನಂತ ಹೇಳ್ಲಿ ಬೇಟಿ?”

ಏನಂತ? ನನ್ನ ಹುಡುಗಿಗೆ ಮಾತಾಡಲು ಬಿಡಿ ಎಂದೇ? ಮನಸ್ಸಿನೊಳಗೇ ಹೇಳಿಕೋ ಎಂದು ಅವಳಿಗೆ ಹೇಳಿ ಎಂದೇ? ಎಂಟು ತಿಂಗಳಲ್ಲಿ ನಾನು ಹೇಳಿಕೊಡದೆ ಇದ್ದದ್ದನ್ನು ಆ ಮುದುಕರು ಕೋಣೆಗೆ ಹೋಗಿ ಎರಡು ನಿಮಿಷದಲ್ಲಿ ಹೇಳಿಕೊಡಬೇಕಿತ್ತೇ? ಸೃಷ್ಟಿ ಹುಬ್ಬು ಗಂಟಿಕ್ಕಿ ಮಾಡುತ್ತಿದ್ದದ್ದು ಅದನ್ನೇ ಎಂದು ನನಗೆ ಆ ಗೇಟಿನಲ್ಲಿ ಹೊಳೆಯಿತು. ಅವಳೂ ಕಥೆ ಹೇಳಿಕೊಳ್ಳುತ್ತಿದ್ದಳು, ಒಳಗೆ. ಹೇಗೆ ಎಂದು ಅವಳನ್ನು ಇನ್ನೊಂದು ಸಲ ಕೇಳಿದ್ದರೆ, ತಬಸ್ಸುಮಳಿಗೂ ಒಂದು ದಿನ, ಈಗ ಮೆಲ್ಲಗೆ ಹೇಳು, ಈಗ ತುಟಿಯಷ್ಟೇ ಆಡಿಸು, ಈಗ ತುಟಿಯನ್ನೂ ಮುಚ್ಚು ಎಂದಿದ್ದರೆ...

“ಏನಿಲ್ಲ ಚಾಚಾ,” ಎಂದೆ.

“ನೀರು ಕುಡೀತಿಯೇನು? ಮಾರಿ ಬಾಡ್ಯದ,” ಎಂದು ಅವರು ತಂಬಿಗೆ ಕೊಟ್ಟರು.

ಪರೀಕ್ಷೆ ಮುಗಿಯುವ ಒಂದು ಗಂಟೆಯವರೆಗೂ ಆ ಬೆರಳು ತುಟಿಯ ಮೇಲೇ ಇತ್ತು. ಹಮೀದಾಬೇಗಂ ತಾನೂ ತಿಳಿಯದೆ ತನ್ನ ಬಾಯಿಯ ಮೇಲೆ ಸೆರಗು ಹಿಡಿದು ಕೂತಿದ್ದಳು.

ಸೃಷ್ಟಿ ಮೊದಲು ಹೊರಗೆ ಬಂದಳು. ಹೇಗಾಯಿತು ಎಂದರೆ “ಆತ್ರಿ” ಎಂದು ಅಪ್ಪನ ಬೈಕು ಹತ್ತಿ ಹೋದಳು. ತಬಸ್ಸುಮ ನಿಧಾನಕ್ಕೆ ಬಂದು ಅಮ್ಮನ ಪಕ್ಕಕ್ಕೆ ಕೂತಳು. ಎಡಗೈಯ ಬೆರಳು ಬೆವತು ಬೆಳ್ಳಗಾಗಿತ್ತು.

“ಎಲ್ಲಾ ಬರದ್ಯಾ?” ಎಂದೆ.

“ಬರದೇನ್ರಿ.”

ಹಮೀದಾಬೇಗಂ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. “ಒಂದು ಕಥಿ ಹೇಳು, ಒಳಗಿಂದು. ನಾ ಕೇಳಿಲ್ಲ ಇವತ್ತು,” ಎಂದಳು. ನಾನು ಬೇಡ ಎನ್ನಬೇಕೆಂದುಕೊಂಡೆ. ಪ್ರಶ್ನೆಪತ್ರಿಕೆಯನ್ನು ವಾಪಸು ತೆಗೆದುಕೊಂಡಿದ್ದರು. ಆದರೆ ತಬಸ್ಸುಮಳಿಗೆ ಕಥೆಗಳು ಮರೆಯುವುದಿಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಮನೆಮಾತಿನಲ್ಲಿ ಶುರು ಮಾಡಿದಳು. ನನಗೆ ತಿಳಿದಷ್ಟು ಹೀಗೆ:

“ಒಂದು ಸಾಲಿ. ಸಾಲಿ ಹಿಂದ ತೋಟ. ಸಾಲು ಸಾಲು ಸಸಿ ಹಚ್ಯಾರ. ಪ್ರತಿ ಸಸಿಗೆ ದಿನಾ ನೀರು ಹಾಕ್ತಾರ. ಆದ್ರೂ ಒಂದಿಷ್ಟು ಸಸಿ ಒಣಗಿ ಹೋದವು.”

“ಅಯ್ಯ! ನೀರು ಹಾಕಿದ್ರೂ?”

“ಹೂಂ, ಹಾಕಿದ್ರೂ.”

“ಕ್ಯಾ ಪೂಛ್ರೈ ಉನೇ?”

“ಉಳದ ಸಸಿ ಎಷ್ಟು ಅಂತ...”

ಅಲ್ಲಿಗೆ ನಿಂತಳು. ರೊಟ್ಟಿ ಕೈಯಲ್ಲಿಯೇ ಇತ್ತು. ನನ್ನ ಕಡೆ ತಿರುಗಿ, ಈಗ ಕನ್ನಡದಲ್ಲಿ, ಬಹಳ ಮೆಲ್ಲಗೆ ಹೇಳಿದಳು: “ಟೀಚರ್, ಆರು ಸಾಲ್ರಿ. ಒಂದೊಂದ್ರಾಗ ಹದಿನೈದು. ಎಂಟು ಒಣಗಿದವು. ಒಂದೊಂದು ಸಸಿಗೆ ಎರಡು ಲೀಟರ್ ನೀರು.”

ಆರು ಹದಿನೈದಲೆ ತೊಂಬತ್ತು. ಎಂಟು ಹೋದರೆ ಎಂಬತ್ತೆರಡು.

“ನಾ ನೂರಾ ಅರವತ್ತ್ನಾಕಕ್ಕ ಗುಂಡು ತುಂಬೇನ್ರಿ,” ಎಂದಳು. “ಎಂಬತ್ತೆರಡು ಬಂದಿತ್ತು. ಎರಡು ಉಳದಿತ್ತಲ್ರಿ, ಅದಕ್ಕ ಗುಣಿಸಿದೆ. ಆ ಉತ್ತರನೂ ಅಲ್ಲಿತ್ರಿ. ಇದ್ದದ್ದಕ್ಕ ಖರೇ ಅಂದುಕೊಂಡೆ.”

“ಇರಲಿ ಬಿಡು.”

“ಎರಡನ್ನ ಕರದು ಕೇಳಲಿಲ್ರಿ ನಾ. ಬಾಯಿ ಮ್ಯಾಲ ಬೆರಳಿತ್ತು. ಅವರು ನೀರು ಕೇಳೇ ಇಲ್ಲ!”

ಕಂಪೌಂಡಿನ ಒಳಗೆ ಉತ್ತರ ಪತ್ರಿಕೆಗಳನ್ನು ಕವರಿನಲ್ಲಿ ಹಾಕಿ ಅರಗು ಹಚ್ಚುತ್ತಿದ್ದರು. ಹುಡುಗಿ ಆ ಕಡೆಯೇ ನೋಡುತ್ತಿದ್ದಳು. ಓಡಿಹೋಗಿ ಒಂದು ಗುಂಡನ್ನು ಅಳಿಸಿ ಇನ್ನೊಂದನ್ನು ತುಂಬಲು ಎಷ್ಟು ಹೊತ್ತು? ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಕೊಡುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಹಮೀದಾಬೇಗಂ ನಮ್ಮಿಬ್ಬರ ಮುಖವನ್ನೂ ನೋಡಿ, “ನಾ ಕೇಳಬಾರದಿತ್ತೇನು?” ಎಂದಳು.

“ನೀವು ಒಳಗ ಕೇಳಬೇಕಾಗಿತ್ತು,” ಎಂದೆ.

ಫಲಿತಾಂಶ ಬಂದಾಗ ಬಿಸಿಲು ಏರಿತ್ತು. ಹಣಮಂತರಾಯರು ಮೊಬೈಲಿನಲ್ಲಿ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಸೃಷ್ಟಿಗೆ ಸೀಟು ಸಿಕ್ಕಿತ್ತು. ತಬಸ್ಸುಮಳ ಮೀಸಲಾತಿ ಗುಂಪಿನಲ್ಲಿ ಕೊನೆಯ ಸೀಟು ಎಪ್ಪತ್ತೊಂದು ಅಂಕಕ್ಕೆ ನಿಂತಿತ್ತು. ಅವಳಿಗೆ ಎಪ್ಪತ್ತು. ಬೇರೆ ಲೆಕ್ಕಗಳೂ ತಪ್ಪಾಗಿದ್ದವು, ನಿಜ. ಆದರೆ ನನಗೆ ಆ ಎಂಬತ್ತೆರಡು ಸಸಿಗಳೇ ಕಾಣುತ್ತಿದ್ದವು. ಹಣಮಂತರಾಯರು ಸಂತೆಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಎರಡನೆಯ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಶಾಲೆ ಶುರುವಾದ ಮೊದಲ ವಾರ ಹಮೀದಾಬೇಗಂ ಮಗಳ ಕೈ ಹಿಡಿದುಕೊಂಡು ನಮ್ಮ ಶಾಲೆಯ ಕಟ್ಟೆಗೆ ಬಂದಳು. ಉಸಿರು ಬಿಡದೆ ಹೇಳತೊಡಗಿದಳು.

“ನಾ ಎಲ್ಲಾ ವಿಚಾರಿಸಿ ಬಂದೇನ್ರಿ ಟೀಚರ್. ಆ ಸಾಲಿ ಒಂಬತ್ತೂವರಿಗೆ ಚಾಲೂ. ಬಸ್ಸು ಬರೋದು ಹತ್ತು ದಾಟಿದ ಮ್ಯಾಲ. ಏಳು ಕಿಲೋಮೀಟರ್ ನಡದ್ರ ಎರಡು ತಾಸು ಅಂತ ಜಸ್ಮೀನ ಹೇಳ್ತಾಳ. ಎಂಟನೇತ್ತಿಗೆ ಹೋದ್ರ ಏನೋ ಸೌಲತ್ತು ಸಿಗ್ತದಂತ. ಆಕಿ ಅಬ್ಬಾಜಾನ್ ದೀಪಾವಳಿ ತನಕ ಮನ್ಯಾಗಿರ್ತಾರ, ಆಮ್ಯಾಲ ಐದು ತಿಂಗಳು ಇರಂಗಿಲ್ಲ. ಆ ಸಾಲ್ಯಾಗ ಆರನೇತ್ತಾಗ ನಲವತ್ತು ಮಕ್ಕಳು, ಹದಿನೆಂಟು ಹುಡುಗ್ಯಾರು ಅದಾರಂತ. ಮಾಸ್ತರು ಚಲೋ ಅದಾರಂತ...”

ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ. ಬಸ್ಸಿನ ವೇಳೆ ಬದಲಿಸಲು ಅರ್ಜಿ ಬರೆಯಬೇಕೇ, ಸೌಲತ್ತಿನ ಕಾಗದ ತರಿಸಬೇಕೇ, ಎಂದು ಒಂದೊಂದು ಅಂಕಿಯನ್ನೂ ಹಿಡಿದು ಯೋಚಿಸುತ್ತಿದ್ದೆ.

“ಟೀಚರ್,” ಎಂದಳು ತಬಸ್ಸುಮ. ಅಷ್ಟು ಹೊತ್ತು ಅವಳು ತುಟಿ ಬಿಗಿದು, ಹುಬ್ಬು ಗಂಟಿಕ್ಕಿ ನಿಂತಿದ್ದಳು, ಥೇಟ್ ಸೃಷ್ಟಿಯ ಹಾಗೆ. “ಅಮ್ಮೀ ಹೇಳಿದ್ರಾಗ ಅಂಕಿ ಎಲ್ಲಾ ಕುಂದರಸೋವೇ ಅದಾವ್ರಿ. ನಡ್ಯಾಕ ನನಗ ಬರ್ತದ. ಜಸ್ಮೀನ ಅಕ್ಕಾನೂ ನಡದಿದ್ಳು. ಕೇಳಿದ್ದು ಒಂದೇ ಐತ್ರಿ.”

“ಏನು?”

“ಜೋಡಿ ಯಾರು ಅಂತ.”

ಹೌದು, ಅದೊಂದೇ. ಸೃಷ್ಟಿ ಇದ್ದಿದ್ದರೆ ಇಬ್ಬರೂ ನಡೆಯುತ್ತಿದ್ದರು. ಸೃಷ್ಟಿ ಅಫಜಲಪುರಕ್ಕೆ ಹೋಗಿದ್ದಳು. ಊರಿನಲ್ಲಿ ಆರನೇ ತರಗತಿಗೆ ಹೋಗುವ ಇನ್ನೊಬ್ಬ ಹುಡುಗಿ ಇರಲಿಲ್ಲ. ಅವಳು ಪ್ರಶ್ನೆಯನ್ನು ಸರಿಯಾಗಿ ಹುಡುಕಿದ್ದಳು, ಅದೂ ಬಾಯಿ ತೆರೆಯದೆ, ಒಳಗೇ. ಅದಕ್ಕೆ ಗುಂಡು ತುಂಬಲು ನನ್ನ ಬಳಿ ನಾಲ್ಕು ಉತ್ತರಗಳಿರಲಿಲ್ಲ, ಒಂದೂ ಇರಲಿಲ್ಲ.

ಹಮೀದಾಬೇಗಂ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಒಳಗೆ ಹೊಸ ಐದನೇ ತರಗತಿಯ ಮಕ್ಕಳು ಬಸ್ಸಿನ ಲೆಕ್ಕವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು, ಗುಜುಗುಜು. ಮಧ್ಯದಲ್ಲಿ ಯಾವುದೋ ಹುಡುಗ “ಎಂಬತ್ತು!” ಎಂದು ಕೂಗಿದ.

“ಎಂಬತ್ತಲ್ಲಲೇ,” ಎಂದಳು ತಬಸ್ಸುಮ, ಕಿಟಕಿಯ ಸರಳು ಹಿಡಿದು. “ಏಳನ್ನ ಕುಂದರಸು. ಹನ್ನೆರಡನ್ನ ಕುಂದರಸು.”

ನಾನು ಅವಳನ್ನು ಸುಮ್ಮನಿರು ಎನ್ನಲಿಲ್ಲ.